ಹಿರಿಯರ ಮಂಡಿನೋವಿಗೆ ಯಾವ ಔಷಧ? ಹೊಟ್ಟೆ, ಹೃದಯ, ಮೂತ್ರಪಿಂಡ ನೋಡಿ ಆಯ್ದುಕೊಳ್ಳುವ ಬಗೆ

ಮನೆಯ ಹಿರಿಯರ ಮಂಡಿ ಸವೆತದ ನೋವಿಗೆ ಯಾವ ಮಾತ್ರೆ ಕೊಡಿಸಬೇಕೆಂದು ಕೇಳುವ ಓದುಗರ ಗೊಂದಲ ಬಹುತೇಕ ಒಂದೇ ಬಗೆಯದು. ಒಬ್ಬ ವೈದ್ಯರು ಅಸಿಕ್ಲೋಫೆನಾಕ್ ಬರೆದಿರುತ್ತಾರೆ, ಇನ್ನೊಬ್ಬರು ಎಟೊರಿಕಾಕ್ಸಿಬ್ ಹೊಟ್ಟೆಗೆ ಒಳ್ಳೆಯದು ಎಂದಿರುತ್ತಾರೆ, ಪಕ್ಕದ ಮನೆಯವರಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ನಿನಲ್ಲಿ ತಕ್ಷಣ ಗುಣ ಕಂಡಿರುತ್ತದೆ. ಇವುಗಳಲ್ಲಿ ಯಾವುದು ಹೆಚ್ಚು ಪ್ರಬಲ ಎಂಬುದೇ ಕೊನೆಗೆ ಉಳಿಯುವ ಪ್ರಶ್ನೆ. ಆದರೆ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡಾಗ ನೋವು ತಗ್ಗಿಸುವ ಶಕ್ತಿಯಲ್ಲಿ ಈ ಮಾತ್ರೆಗಳ ನಡುವಿನ ಅಂತರ ಚಿಕ್ಕದು, ಅವು ತರುವ ಅಪಾಯದಲ್ಲಿನ ಅಂತರ ದೊಡ್ಡದು. ಆದ್ದರಿಂದ 65 ದಾಟಿದವರಲ್ಲಿ ಆಯ್ಕೆಯನ್ನು ಅಪಾಯದ ಕಡೆಯಿಂದಲೇ ಆರಂಭಿಸಬೇಕು ಎಂಬುದು ನನ್ನ ನಿಲುವು, ಮತ್ತು ಈ ಬರಹ ಆ ಕ್ರಮದಲ್ಲಿಯೇ ಸಾಗುತ್ತದೆ.

ಇಲ್ಲಿ ಹೇಳುವುದೆಲ್ಲ ವಯಸ್ಸಿನೊಂದಿಗೆ ಬರುವ ಮಂಡಿ ಸವೆತಕ್ಕೆ ಮಾತ್ರ ಅನ್ವಯಿಸುತ್ತದೆ. ರುಮಟಾಯ್ಡ್ ಸಂಧಿವಾತ ಮತ್ತು ಗೌಟ್‌ಗಳಲ್ಲಿ ಉರಿಯೂತವೇ ಮುಖ್ಯ ಕಾಯಿಲೆಯಾದ್ದರಿಂದ ಅಲ್ಲಿನ ಲೆಕ್ಕ ಬೇರೆ. ಮಂಡಿ ಇದ್ದಕ್ಕಿದ್ದಂತೆ ಕೆಂಪಗೆ ಬಿಸಿಯಾಗಿ ಊದಿಕೊಂಡು ಜ್ವರ ಬಂದರೆ, ಅಥವಾ ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಾತ್ರೆಗಳ ಹೋಲಿಕೆಯನ್ನು ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಅಳೆಯಬೇಕಾದದ್ದು ಏನನ್ನು

ಯಾವ ಔಷಧವನ್ನೇ ಎತ್ತಿಕೊಂಡರೂ ನಾಲ್ಕು ಪ್ರಶ್ನೆಗಳಿಗೆ ಮೊದಲು ಉತ್ತರ ಸಿಗಬೇಕು. ಹಿಂದೆ ಹೊಟ್ಟೆಯಲ್ಲಿ ಹುಣ್ಣಾಗಿತ್ತೇ, ರಕ್ತಸ್ರಾವವಾಗಿತ್ತೇ? ಹೃದಯಾಘಾತ, ಸ್ಟೆಂಟ್, ಪಾರ್ಶ್ವವಾಯು, ಹೃದಯ ವೈಫಲ್ಯ ಇವುಗಳಲ್ಲಿ ಯಾವುದಾದರೂ ಇದೆಯೇ, ಬಿಪಿ ಹತೋಟಿಯಲ್ಲಿದೆಯೇ? ಮೂತ್ರಪಿಂಡದ ಸೋಸುವ ಶಕ್ತಿ ಎಷ್ಟಿದೆ? ದಿನವೂ ನುಂಗುತ್ತಿರುವ ಇತರ ಮಾತ್ರೆಗಳು ಯಾವುವು? ಇವುಗಳ ನಂತರವಷ್ಟೇ ನೋವಿನ ಪ್ರಮಾಣ ಮತ್ತು ಖರ್ಚಿನ ಮಾತು.

ಹೋಲಿಕೆಗೆ ಹಿಡಿತ ಸಿಗಲೆಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಎಪ್ಪತ್ತೆರಡು ವರ್ಷದ ತಾಯಿ, ತೂಕ 66 ಕಿಲೋ. ಎರಡೂ ಮಂಡಿಗಳಲ್ಲಿ ಸವೆತ, ಬಲಗಡೆ ಹೆಚ್ಚು. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಝೈಡ್ ಒಟ್ಟಿಗಿರುವ ಒಂದು ಮಾತ್ರೆ, ಶುಗರ್‌ಗೆ ಮೆಟ್‌ಫಾರ್ಮಿನ್, ಜೊತೆಗೆ ಹೃದಯಕ್ಕೆ ಮುನ್ನೆಚ್ಚರಿಕೆಯೆಂದು ಎಂದೋ ಆರಂಭವಾದ ಆಸ್ಪಿರಿನ್ 75. ಹೃದಯಾಘಾತವಾಗಲಿ ಹುಣ್ಣಾಗಲಿ ಆದದ್ದಿಲ್ಲ. ಕ್ರಿಯಾಟಿನಿನ್ 1.1 ಬಂದಿದೆ, ಲ್ಯಾಬಿನ ಚೀಟಿಯಲ್ಲಿ ಅದು ನಾರ್ಮಲ್ ಸಾಲಿನಲ್ಲಿಯೇ ಇದೆ.

ಈ ‘ನಾರ್ಮಲ್’ ಎಂಬುದರ ಬಳಿ ಸ್ವಲ್ಪ ನಿಲ್ಲಬೇಕು. ಕ್ರಿಯಾಟಿನಿನ್ ಸ್ನಾಯುವಿನಿಂದ ಹುಟ್ಟುವ ವಸ್ತು. ವಯಸ್ಸಾದ ಹೆಣ್ಣುಮಕ್ಕಳಲ್ಲಿ ಸ್ನಾಯು ಕಡಿಮೆಯಿರುವುದರಿಂದ ಮೂತ್ರಪಿಂಡ ಬಳಲಿದ್ದರೂ ಈ ಸಂಖ್ಯೆ ತಗ್ಗಾಗಿಯೇ ಕಾಣಬಹುದು. ಸೋಸುವ ಶಕ್ತಿಯನ್ನು ವಯಸ್ಸು ಮತ್ತು ಲಿಂಗವನ್ನೂ ಸೇರಿಸಿ ಲೆಕ್ಕಹಾಕುವ ಅಳತೆಯಾದ ಇಜಿಎಫ್‌ಆರ್ ಈ ತಾಯಿಗೆ ಸುಮಾರು 53 ಬರುತ್ತದೆ. ಅದೇ 1.1 ಇರುವ ಮೂವತ್ತರ ಯುವಕನಿಗೆ ಅದು 90ರ ಆಸುಪಾಸಿನಲ್ಲಿರುತ್ತದೆ. ಅರವತ್ತಕ್ಕಿಂತ ಕೆಳಗಿದ್ದರೆ ನೋವಿನ ಮಾತ್ರೆಯ ವಿಷಯದಲ್ಲಿ ಎಚ್ಚರ ಬೇಕು, ಮೂವತ್ತಕ್ಕಿಂತ ಕೆಳಗಿದ್ದರೆ ಅವುಗಳನ್ನು ದೂರವಿಡಬೇಕು. ಆದ್ದರಿಂದ ಕ್ರಿಯಾಟಿನಿನ್ ಒಂದನ್ನೇ ನೋಡಿ ‘ಕಿಡ್ನಿ ಚೆನ್ನಾಗಿದೆ’ ಎಂದುಕೊಳ್ಳಬಾರದು, ಇಜಿಎಫ್‌ಆರ್ ಎಷ್ಟೆಂದು ಕೇಳಿ ಬರೆಸಿಕೊಳ್ಳಬೇಕು.

ಮಾತ್ರೆ ನೋವನ್ನು ತಗ್ಗಿಸುವ ದಾರಿಯೇ ಅಪಾಯದ ದಾರಿ

ಅಂಗಾಂಶಕ್ಕೆ ಪೆಟ್ಟು ಬಿದ್ದಲ್ಲಿ ದೇಹವು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತದೆ. ಅವು ರಕ್ತನಾಳಗಳನ್ನು ಹಿಗ್ಗಿಸಿ ಊತ ತರುತ್ತವೆ, ನರದ ತುದಿಗಳನ್ನು ಸೂಕ್ಷ್ಮವಾಗಿಸಿ ಸಣ್ಣ ಒತ್ತಡವೂ ನೋವಾಗುವಂತೆ ಮಾಡುತ್ತವೆ. ಇವುಗಳನ್ನು ತಯಾರಿಸುವ ಕಿಣ್ವದ ಹೆಸರು ಕಾಕ್ಸ್. ಆಸ್ಪಿರಿನ್ ಮತ್ತು ಅದರ ಬಳಗದ ಮದ್ದುಗಳು ಈ ತಯಾರಿಕೆಯನ್ನೇ ತಡೆಯುತ್ತವೆ ಎಂಬುದನ್ನು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು.

ಅದೇ ಪ್ರೋಸ್ಟಗ್ಲಾಂಡಿನ್‌ಗಳಿಗೆ ದೇಹದಲ್ಲಿ ಬೇರೆ ಕೆಲಸಗಳೂ ಇವೆ. ಜಠರದಲ್ಲಿ ಅವು ಲೋಳೆಯ ಪದರವನ್ನು ಕಾಪಾಡಿ ಆಮ್ಲದಿಂದ ಗೋಡೆಯನ್ನು ರಕ್ಷಿಸುತ್ತವೆ. ಮೂತ್ರಪಿಂಡಕ್ಕೆ ರಕ್ತ ಕಡಿಮೆಯಾದಾಗ ಒಳಬರುವ ಸಣ್ಣ ನಾಳವನ್ನು ಹಿಗ್ಗಿಸಿ ಸೋಸುವಿಕೆ ನಿಲ್ಲದಂತೆ ನೋಡಿಕೊಳ್ಳುತ್ತವೆ. ಯೌವನದಲ್ಲಿ ಮೂತ್ರಪಿಂಡ ಈ ನೆರವನ್ನು ಅಷ್ಟಾಗಿ ಬೇಡುವುದಿಲ್ಲ. ವಯಸ್ಸಾದಂತೆ, ಬಿಪಿ ಮತ್ತು ಶುಗರ್ ಇದ್ದಂತೆ, ಅದರ ಮೇಲಿನ ಅವಲಂಬನೆ ಹೆಚ್ಚುತ್ತದೆ. ಮಗನಿಗೆ ಏನೂ ಮಾಡದ ಮಾತ್ರೆ ಅದೇ ಪ್ರಮಾಣದಲ್ಲಿ ತಾಯಿಗೆ ಕೆಡುಕು ಮಾಡಲು ಕಾರಣ ಇದು.

ಕಾಕ್ಸ್‌ನಲ್ಲಿ ಎರಡು ಬಗೆ. ಜಠರವನ್ನು ಕಾಯುವ ಮತ್ತು ರಕ್ತದ ತಟ್ಟೆಕಣಗಳನ್ನು ಅಂಟಿಸುವ ಕೆಲಸದಲ್ಲಿ ಕಾಕ್ಸ್-1 ಮುಖ್ಯ, ಉರಿಯೂತದಲ್ಲಿ ಕಾಕ್ಸ್-2 ಮುಖ್ಯ. ಹಾಗಾದರೆ ಎರಡನೆಯದನ್ನಷ್ಟೇ ತಡೆದರೆ ಹೊಟ್ಟೆ ಉಳಿಯಬೇಕಲ್ಲವೇ ಎಂಬ ತರ್ಕದಿಂದ ಸೆಲೆಕಾಕ್ಸಿಬ್, ರೋಫೆಕಾಕ್ಸಿಬ್, ಎಟೊರಿಕಾಕ್ಸಿಬ್ ಬಂದವು. ಹೊಟ್ಟೆಯ ಮಟ್ಟಿಗೆ ತರ್ಕ ಬಹುಪಾಲು ನಿಜವಾಯಿತು. ಆದರೆ ರಕ್ತನಾಳದ ಒಳಗೋಡೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವೂ ಕಾಕ್ಸ್-2ರಿಂದಲೇ ಬರುತ್ತದೆ, ಅದು ಕಡಿಮೆಯಾಗಿ ಹೆಪ್ಪುಗಟ್ಟಿಸುವ ತಟ್ಟೆಕಣಗಳು ಹಾಗೆಯೇ ಉಳಿದಾಗ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ರೋಫೆಕಾಕ್ಸಿಬ್ ಹೃದಯಾಘಾತವನ್ನು ಹೆಚ್ಚಿಸುತ್ತದೆಂದು ಖಚಿತವಾಗಿ 2004ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಮೂತ್ರಪಿಂಡದಲ್ಲಿಯಾದರೋ ಎರಡೂ ಬಗೆಯ ಕಾಕ್ಸ್ ಕೆಲಸ ಮಾಡುತ್ತವೆ, ಆದ್ದರಿಂದ ಈ ಬಳಗದಲ್ಲಿ ಮೂತ್ರಪಿಂಡಕ್ಕೆ ಸುರಕ್ಷಿತವಾದ ಮಾತ್ರೆ ಎಂಬುದೇ ಇಲ್ಲ.

ಇಂಜೆಕ್ಷನ್ ಹೊಟ್ಟೆಗೆ ಇಳಿಯದ ಕಾರಣ ಹುಣ್ಣು ಮಾಡದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹುಣ್ಣಾಗಲು ಮುಖ್ಯ ಕಾರಣ ಮಾತ್ರೆ ಜಠರವನ್ನು ಮುಟ್ಟುವುದಲ್ಲ, ರಕ್ತದ ಮೂಲಕ ತಲುಪಿ ಅಲ್ಲಿನ ರಕ್ಷಣೆಯನ್ನು ಕುಗ್ಗಿಸುವುದು. ಸೊಂಟಕ್ಕೆ ಚುಚ್ಚಿದರೂ ಪರಿಣಾಮ ಅದೇ. ಊಟದ ನಂತರ ತೆಗೆದುಕೊಂಡರೆ ಉರಿ ಕಡಿಮೆಯಾಗಬಹುದು, ರಕ್ತಸ್ರಾವದ ಅಪಾಯ ಅದರಿಂದ ತಪ್ಪುವುದಿಲ್ಲ.

ನುಂಗುವ ಮಾತ್ರೆಗಳ ನಡುವೆ

ನೂರಾರು ಪ್ರಯೋಗಗಳ ದತ್ತಾಂಶವನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಈ ಹೋಲಿಕೆಗೆ ಒಳ್ಳೆಯ ನೆಲೆ. ಅದರಂತೆ ಹೆಚ್ಚಿನ ಪ್ರಮಾಣದ ಡೈಕ್ಲೋಫೆನಾಕ್ ಮತ್ತು ಕಾಕ್ಸಿಬ್‌ಗಳು ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳನ್ನು ಸುಮಾರು ಮೂರನೇ ಒಂದರಷ್ಟು ಹೆಚ್ಚಿಸಿದವು, ಅಂದರೆ ಸಾವಿರ ಮಂದಿ ಒಂದು ವರ್ಷ ಸೇವಿಸಿದರೆ ಮೂವರಿಗೆ ಹೆಚ್ಚುವರಿ ತೊಂದರೆ, ಅದರಲ್ಲೊಂದು ಮಾರಕ. ನ್ಯಾಪ್ರೋಕ್ಸೆನ್‌ನಲ್ಲಿ ಈ ಏರಿಕೆ ಕಾಣಲಿಲ್ಲ. ಹೊಟ್ಟೆಯ ಕಡೆ ಚಿತ್ರ ತಿರುಗಿತು: ರಕ್ತಸ್ರಾವದಂಥ ತೊಡಕುಗಳು ಕಾಕ್ಸಿಬ್ ಮತ್ತು ಡೈಕ್ಲೋಫೆನಾಕ್‌ನಲ್ಲಿ ಸುಮಾರು ಎರಡು ಪಟ್ಟಾದರೆ, ಐಬುಪ್ರೊಫೆನ್ ಮತ್ತು ನ್ಯಾಪ್ರೋಕ್ಸೆನ್‌ನಲ್ಲಿ ನಾಲ್ಕು ಪಟ್ಟಾದವು. ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವ ಸಂಭವ ಎಲ್ಲದರಲ್ಲಿಯೂ ಸುಮಾರು ದುಪ್ಪಟ್ಟಾಯಿತು. ಒಂದು ಅಂಗವನ್ನು ಉಳಿಸಿದ ಮಾತ್ರೆ ಇನ್ನೊಂದನ್ನು ಕಾಡುತ್ತದೆ, ಆಯ್ಕೆ ನಡೆಯಬೇಕಾದದ್ದು ಆ ವ್ಯಕ್ತಿಯ ಯಾವ ಅಂಗ ದುರ್ಬಲ ಎಂಬುದರ ಮೇಲೆ.

ಹೃದಯದ ತೊಂದರೆಯ ಭಯ ಹೆಚ್ಚಿದ್ದು, ಹೊಟ್ಟೆ ಮತ್ತು ಮೂತ್ರಪಿಂಡ ಗಟ್ಟಿಯಾಗಿದ್ದರೆ ನ್ಯಾಪ್ರೋಕ್ಸೆನ್ ಕಡೆಗೆ ವಾಲಬಹುದು, ಆದರೆ ಜೊತೆಯಲ್ಲಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಝೋಲ್ ಅಥವಾ ಒಮೆಪ್ರಝೋಲ್ ಇರಲೇಬೇಕು. ಈಗಾಗಲೇ ಹೃದಯಾಘಾತವಾಗಿರುವವರಿಗೆ ಅಥವಾ ಹೃದಯ ವೈಫಲ್ಯ ಇರುವವರಿಗೆ ಈ ಬಳಗವನ್ನೇ ಬಿಡುವುದು ಒಳ್ಳೆಯದು. ಹಿಂದೆ ಹುಣ್ಣಿನಿಂದ ರಕ್ತ ಹೋಗಿದ್ದವರಿಗೆ ಕೊಡಲೇಬೇಕಾಗಿ ಬಂದರೆ ಸೆಲೆಕಾಕ್ಸಿಬ್ ಮತ್ತು ಆಮ್ಲ ತಗ್ಗಿಸುವ ಮಾತ್ರೆಯ ಜೋಡಿ ಮೇಲು. ಹಾಂಗ್‌ಕಾಂಗ್‌ನಲ್ಲಿ ಇಂಥವರ ಮೇಲೆ, ಅದರಲ್ಲೂ ಆಸ್ಪಿರಿನ್ ಬಿಡಲಾಗದವರ ಮೇಲೆ, ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹದಿನೆಂಟು ತಿಂಗಳಲ್ಲಿ ಸೆಲೆಕಾಕ್ಸಿಬ್ ಗುಂಪಿನ ಶೇ. 5.6 ಮಂದಿಗೆ ಮತ್ತೆ ರಕ್ತಸ್ರಾವವಾಯಿತು, ನ್ಯಾಪ್ರೋಕ್ಸೆನ್ ಗುಂಪಿನಲ್ಲಿ ಅದು ಶೇ. 12.3. ಎರಡೂ ಗುಂಪಿಗೆ ಎಸೋಮೆಪ್ರಝೋಲ್ ಕೊಡಲಾಗಿತ್ತು. ಅಷ್ಟಾದರೂ ನೂರಕ್ಕೆ ಐದಾರು ಮಂದಿಯ ಅಪಾಯ ಉಳಿದೇ ಇತ್ತು ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ಅತಿ ಸುಲಭವಾಗಿ ಸಿಗುವ ಎಟೊರಿಕಾಕ್ಸಿಬ್ ಬಗ್ಗೆ ಒಂದು ಮಾತು. ಮಂಡಿ ಸವೆತಕ್ಕೆ ಇದರ ಪ್ರಮಾಣ ದಿನಕ್ಕೆ 30 ಮಿಲಿಗ್ರಾಂ, ಸಾಲದಿದ್ದರೆ 60. ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು 90ರದ್ದು. ಈ ಮಾತ್ರೆ ಬಿಪಿಯನ್ನು ಏರಿಸುವುದರಲ್ಲಿ ಮುಂದು, ಬಿಪಿ 140/90ರ ಮೇಲೆಯೇ ನಿಂತಿರುವವರಿಗೆ ಕೊಡಬಾರದೆಂಬುದು ಯುರೋಪಿನ ನಿಯಮ. ಬಿಪಿ ಇರುವ ಹಿರಿಯರಿಗೆ ‘ಹೊಟ್ಟೆಗೆ ಒಳ್ಳೆಯದು’ ಎಂಬ ಒಂದೇ ಕಾರಣಕ್ಕೆ 90ರ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಡೈಕ್ಲೋಫೆನಾಕ್ ಮಾತ್ರೆಯಲ್ಲಿ ಹೃದಯದ ಅಪಾಯ ಕಾಕ್ಸಿಬ್‌ನಷ್ಟೇ ಇದೆ, ಅಸಿಕ್ಲೋಫೆನಾಕ್ ಅದರ ಹತ್ತಿರದ ನೆಂಟ. ಕೆಟೊರೊಲಾಕ್ ಮತ್ತು ಇಂಡೊಮೆಥಾಸಿನ್ ವಯಸ್ಸಾದವರಿಗೆ ಬೇಡ.

ಜೋಡಿ ಮಾತ್ರೆಗಳ ಚೀಟಿಯನ್ನು ಓದಿಯೇ ನುಂಗಬೇಕು. ಅಸಿಕ್ಲೋಫೆನಾಕ್ 100 ಎಂದುಕೊಂಡು ತಂದದ್ದರಲ್ಲಿ ಪ್ಯಾರಸಿಟಮಾಲ್ 325 ಸೇರಿರುತ್ತದೆ, ಅದರ ಮೇಲೆ ಜ್ವರಕ್ಕೆಂದು ಇನ್ನೊಂದು ಪ್ಯಾರಸಿಟಮಾಲ್ ನುಂಗಿದಾಗ ಲೆಕ್ಕ ತಪ್ಪುತ್ತದೆ. ಕೆಲವದರಲ್ಲಿ ಸ್ನಾಯು ಸಡಿಲಿಸುವ ಮದ್ದೂ ಇದ್ದು ಹಿರಿಯರಿಗೆ ತೂಕಡಿಕೆ ಬರುತ್ತದೆ, ರಾತ್ರಿ ಬಚ್ಚಲಿಗೆ ಏಳುವಾಗ ಬೀಳುವ ಅಪಾಯ ಅಲ್ಲಿಂದ ಶುರು.

ಹಚ್ಚುವ ಜೆಲ್: ಏಕೆ ಮೊದಲ ಸ್ಥಾನ

ಮಂಡಿ ಚರ್ಮಕ್ಕೆ ಹತ್ತಿರವಿರುವ ಕೀಲು. ಆದ್ದರಿಂದ ಡೈಕ್ಲೋಫೆನಾಕ್ ಜೆಲ್ ಅಲ್ಲಿಗೆ ಇಳಿಯುತ್ತದೆ, ಆದರೆ ರಕ್ತದಲ್ಲಿ ಸೇರುವುದು ಮಾತ್ರೆಯಿಂದ ಸೇರುವುದರ ನೂರಕ್ಕೆ ಆರರಷ್ಟು ಮಾತ್ರ. ಕೆಲವು ವಾರಗಳ ಕಾಲ ನಡೆದ ಪ್ರಯೋಗಗಳಲ್ಲಿ ಮಂಡಿ ಸವೆತದ ನೋವಿಗೆ ಜೆಲ್ ಮತ್ತು ಮಾತ್ರೆಯ ಗುಣ ಹೆಚ್ಚುಕಡಿಮೆ ಸಮವಾಗಿಯೇ ಬಂದಿದೆ. ಸೊಂಟದ ಕೀಲು ಆಳದಲ್ಲಿರುವುದರಿಂದ ಅಲ್ಲಿ ಈ ಮಾತು ನಡೆಯುವುದಿಲ್ಲ.

ಹಾಗಿದ್ದರೂ ‘ಜೆಲ್ ಹಚ್ಚಿ ನೋಡಿದ್ದೇವೆ, ಪ್ರಯೋಜನವಿಲ್ಲ’ ಎನ್ನುವವರೇ ಹೆಚ್ಚು. ಎಷ್ಟು ಹಚ್ಚಿದಿರಿ ಎಂದು ಕೇಳಿದರೆ ಕಾರಣ ತಿಳಿಯುತ್ತದೆ: ಬಟಾಣಿ ಗಾತ್ರದಷ್ಟು, ನೋವಾದಾಗ ಒಂದು ಸಲ. ಒಂದು ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು, ದಿನಕ್ಕೆ ಮೂರು ನಾಲ್ಕು ಸಲ, ಕನಿಷ್ಠ ಎರಡು ವಾರ. ಮೂರು ಗ್ರಾಮಿನಂತೆ ಮೂರು ಸಲ ಹಚ್ಚಿದರೆ 30 ಗ್ರಾಂ ಟ್ಯೂಬ್ ಒಂದು ಮಂಡಿಗೆ ಮೂರು ದಿನವಷ್ಟೇ ಬರುತ್ತದೆ. ಖರ್ಚಿನ ಕಡೆಯಿಂದ ಜೆಲ್ ಸೋಲುವುದು ಇಲ್ಲಿಯೇ, ಮಾತ್ರೆಗಿಂತ ಇದು ದುಬಾರಿ. ಹೆಚ್ಚು ನೋಯುವ ಒಂದು ಮಂಡಿಗಷ್ಟೇ ಹಚ್ಚುವುದು, ಜನೌಷಧಿ ಕೇಂದ್ರದಲ್ಲಿ ಸಿಕ್ಕರೆ ಅಲ್ಲಿಂದ ಕೊಳ್ಳುವುದು, ನೋವು ತಗ್ಗಿದ ಮೇಲೆ ಎರಡು ಹೊತ್ತಿಗೆ ಇಳಿಸುವುದು, ಇವು ಹೊರೆ ತಗ್ಗಿಸುವ ದಾರಿಗಳು. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬಾರದು, ಗಾಯವಿರುವ ಚರ್ಮಕ್ಕೆ ಸವರಬಾರದು. ಚರ್ಮ ಕೆಂಪಾಗಿ ತುರಿಸಿದರೆ ನಿಲ್ಲಿಸಬೇಕು. ಇಜಿಎಫ್‌ಆರ್ 30ಕ್ಕಿಂತ ಕೆಳಗಿರುವವರು ಜೆಲ್‌ಗೂ ವೈದ್ಯರನ್ನು ಕೇಳಬೇಕು.

ಉಳಿದ ದಾರಿಗಳು

ಪ್ಯಾರಸಿಟಮಾಲ್ ಹೊಟ್ಟೆ, ಹೃದಯ, ಮೂತ್ರಪಿಂಡ ಮೂರರಲ್ಲಿಯೂ ಮೇಲಿನವುಗಳಿಗಿಂತ ಸೌಮ್ಯ, ಮಂಡಿ ಸವೆತದಲ್ಲಿ ಅದರ ಗುಣವೂ ಸೌಮ್ಯವೇ. ಹಿರಿಯರಲ್ಲಿ ದಿನಕ್ಕೆ 3 ಗ್ರಾಂ ದಾಟಬಾರದು, 50 ಕಿಲೋಗಿಂತ ತೂಕ ಕಡಿಮೆಯಿದ್ದರೆ, ಯಕೃತ್ತಿನ ತೊಂದರೆ ಅಥವಾ ಮದ್ಯಪಾನ ಇದ್ದರೆ ಇನ್ನೂ ಕಡಿಮೆ. ಮದುವೆಗೆ ಹೋಗಬೇಕಾದ ದಿನ, ಬಸ್ಸು ಹತ್ತಬೇಕಾದ ದಿನ ಹೊರಡುವ ಮುಂಚೆ 650ರ ಒಂದು ಮಾತ್ರೆ ಎಂಬಂತೆ ಇದನ್ನು ಇಟ್ಟುಕೊಳ್ಳುವುದು ಸರಿ.

ಟ್ರಮಡಾಲ್ ಅನ್ನು ಹೊಟ್ಟೆಗೆ ಸುರಕ್ಷಿತವೆಂದು ಬರೆಯುವುದುಂಟು. ಹಿರಿಯರಲ್ಲಿ ಅದು ತಲೆಸುತ್ತು, ಗೊಂದಲ, ಮಲಬದ್ಧತೆ ತರುತ್ತದೆ. ಬಿದ್ದು ಸೊಂಟ ಮುರಿದುಕೊಂಡರೆ ಮಂಡಿನೋವಿನ ಮಾತೇ ಉಳಿಯುವುದಿಲ್ಲ, ಆದ್ದರಿಂದ ಪಟ್ಟಿಯಲ್ಲಿ ಇದನ್ನು ಕೆಳಗಿಡುತ್ತೇನೆ. ನೋವು ಹಲವು ಕೀಲುಗಳಲ್ಲಿದ್ದು ನಿದ್ದೆ, ಮನಸ್ಸು ಎರಡೂ ಕೆಟ್ಟಿರುವವರಿಗೆ ಡ್ಯುಲೊಕ್ಸೆಟಿನ್ ಕೆಲಸ ಮಾಡುವುದುಂಟು. ಮೊದಲ ವಾರಗಳಲ್ಲಿ ಓಕರಿಕೆ ಬರುತ್ತದೆ, ಆಸ್ಪಿರಿನ್ ಜೊತೆ ರಕ್ತಸ್ರಾವದ ಅಪಾಯವೂ ಸ್ವಲ್ಪ ಏರುತ್ತದೆ.

ಮಂಡಿಯೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಿನ ಪರಿಣಾಮ ಕೆಲವು ವಾರ ನಿಲ್ಲುತ್ತದೆ. ನೀರು ತುಂಬಿ ಊದಿದ ಮಂಡಿಗೆ, ವ್ಯಾಯಾಮ ಆರಂಭಿಸಲೂ ಆಗದಷ್ಟು ನೋವಿದ್ದಾಗ ಇದು ಒಳ್ಳೆಯ ಸೇತುವೆ. ಶುಗರ್ ಇರುವವರಲ್ಲಿ ಕೆಲವು ದಿನ ಸಕ್ಕರೆ ಏರುತ್ತದೆ, ಆ ದಿನಗಳಲ್ಲಿ ಮನೆಯಲ್ಲಿಯೇ ಪರೀಕ್ಷಿಸುತ್ತಿರಬೇಕು. ಹನ್ನೆರಡು ವಾರಕ್ಕೊಮ್ಮೆ ಎರಡು ವರ್ಷ ಕೊಟ್ಟು ನೋಡಿದ ಪ್ರಯೋಗದಲ್ಲಿ ನೋವು ಉಪ್ಪುನೀರಿನ ಇಂಜೆಕ್ಷನ್‌ಗಿಂತ ಹೆಚ್ಚು ತಗ್ಗಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ಸವೆಯಿತು. ಆದ್ದರಿಂದ ಅದನ್ನು ವಾಡಿಕೆ ಮಾಡಿಕೊಳ್ಳಬಾರದು.

ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಪುಡಿ, ಗುಳಿಗೆಗಳ ವಿಷಯದಲ್ಲಿ ಒಂದೇ ಸೂಚನೆ: ಎರಡೇ ದಿನದಲ್ಲಿ ನೋವೆಲ್ಲ ಮಾಯವಾಗಿ, ಮುಖ ದುಂಡಗಾಗಿ, ಸಕ್ಕರೆ ಏರಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಬಲವಾಗಿದೆ. ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸದೆ ವೈದ್ಯರಿಗೆ ತೋರಿಸಬೇಕು.

ಯಾವ ಅಂಗಕ್ಕೂ ಕೆಡುಕಿಲ್ಲದ ಆಯ್ಕೆ ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ, ಅದರ ಗುಣ ಮಾತ್ರೆಗಳಿಗೆ ಸಮೀಪವೇ ಬರುತ್ತದೆ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಎತ್ತಿ, ತೊಡೆ ಬಿಗಿಹಿಡಿದು ಐದು ಎಣಿಸಿ ಇಳಿಸುವುದು, ಕಾಲಿಗೆ ಹತ್ತರಂತೆ ದಿನಕ್ಕೆ ಎರಡು ಮೂರು ಸಲ. ಕೆಲವು ವಾರಗಳ ನಂತರ ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು. ಫಲ ಕಾಣಲು ಆರರಿಂದ ಎಂಟು ವಾರ ಹಿಡಿಯುತ್ತದೆ, ಇದರ ಬೆಲೆಯೆಂದರೆ ಆ ಕಾಯುವಿಕೆ. ಮೊದಲ ದಿನಗಳಲ್ಲಿ ನೋವು ಸ್ವಲ್ಪ ಹೆಚ್ಚಿದರೂ ಮರುದಿನಕ್ಕೆ ತಗ್ಗುತ್ತಿದ್ದರೆ ಮುಂದುವರಿಸಬಹುದು. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕೋಲನ್ನು ನೋಯುವ ಮಂಡಿಯ ಎದುರುಗಡೆಯ ಕೈಯಲ್ಲಿ ಹಿಡಿಯಬೇಕು, ಬಹುಪಾಲು ಜನ ಹಿಡಿಯುವುದು ತಪ್ಪು ಕಡೆಯಲ್ಲಿ.

ಆ ತಾಯಿಗೆ ಯಾವುದು

ಈಗ ನಮ್ಮ ಉದಾಹರಣೆಗೆ ಮರಳಿದರೆ, ಅವರ ದುರ್ಬಲ ಅಂಗ ಮೂತ್ರಪಿಂಡ. ಟೆಲ್ಮಿಸಾರ್ಟನ್ ಸೋಸುವ ಗಂಟಿನಿಂದ ಹೊರಹೋಗುವ ನಾಳವನ್ನು ಹಿಗ್ಗಿಸಿ ಒತ್ತಡ ಇಳಿಸುತ್ತದೆ, ಹೈಡ್ರೋಕ್ಲೋರೋಥಯಝೈಡ್ ದೇಹದ ನೀರನ್ನು ಕಡಿಮೆ ಮಾಡುತ್ತದೆ. ಇವೆರಡರ ಮೇಲೆ ನೋವಿನ ಮಾತ್ರೆ ಬಂದು ಒಳಬರುವ ನಾಳವನ್ನೂ ಕಿರಿದುಗೊಳಿಸಿದರೆ ಸೋಸಲು ಒತ್ತಡವೇ ಉಳಿಯುವುದಿಲ್ಲ. ಈ ಮೂರರ ಕೂಟದಿಂದ ಮೂತ್ರಪಿಂಡ ಹಠಾತ್ತನೆ ಸೋಲುವ ಅಪಾಯ ಮೊದಲ ತಿಂಗಳಲ್ಲಿಯೇ ಅತಿ ಹೆಚ್ಚು ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 2013ರಲ್ಲಿ ತೋರಿಸಿದೆ. ‘ಹದಿನೈದೇ ದಿನ ತಾನೇ’ ಎಂಬ ಸಮಾಧಾನ ಅವರಿಗೆ ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಬೆವರಿ ನೀರು ಕಳೆದುಕೊಂಡಾಗ ಅಥವಾ ವಾಂತಿಭೇದಿಯಾದಾಗ ಇನ್ನೂ ಬೇಗ ಕೆಡುತ್ತದೆ.

ಆದ್ದರಿಂದ ಅವರಿಗೆ ಬಲ ಮಂಡಿಗೆ ಜೆಲ್, ದಿನಕ್ಕೆ ಮೂರು ಸಲ, ಎರಡು ವಾರ. ಅದರ ಜೊತೆಗೇ ವ್ಯಾಯಾಮ, ಎಡಗೈಯಲ್ಲಿ ಕೋಲು. ಹೊರಗೆ ಹೋಗುವ ದಿನ ಪ್ಯಾರಸಿಟಮಾಲ್. ಆಸ್ಪಿರಿನ್ ಏಕೆ ನಡೆಯುತ್ತಿದೆ ಎಂದು ವೈದ್ಯರನ್ನು ಕೇಳಬೇಕು. ಹೃದಯಾಘಾತವೇ ಆಗದ ಎಪ್ಪತ್ತರ ಮೇಲಿನವರಿಗೆ ಅದರಿಂದ ಸಿಗುವ ಲಾಭಕ್ಕಿಂತ ರಕ್ತಸ್ರಾವದ ನಷ್ಟ ಹೆಚ್ಚಿರಬಹುದು. ಆದರೆ ಸ್ಟೆಂಟ್ ಇರುವವರು ಯಾರ ಮಾತು ಕೇಳಿಯೂ ತಾವಾಗಿ ನಿಲ್ಲಿಸಕೂಡದು. ಎರಡು ತಿಂಗಳಲ್ಲಿ ಸಾಕಷ್ಟು ಗುಣ ಕಾಣದಿದ್ದರೆ ಮಂಡಿಯೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಮುಂದಿನ ಹೆಜ್ಜೆ. ರಾತ್ರಿಯ ನಿದ್ದೆಯನ್ನೂ ಕೆಡಿಸುವಷ್ಟು ನೋವಿದ್ದು, ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿದ್ದರೆ, ವರ್ಷಗಟ್ಟಲೆ ಮಾತ್ರೆ ನುಂಗುವುದಕ್ಕಿಂತ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯೇ ಅಂಗಗಳಿಗೆ ಕಡಿಮೆ ಹಾನಿ ಮಾಡೀತು.

ಇಷ್ಟರ ನಡುವೆ ಯಾವುದೋ ಕಾರಣಕ್ಕೆ ಕೆಲವು ದಿನ ಮಾತ್ರೆಯೇ ಬೇಕಾಯಿತು ಎನ್ನೋಣ. ಆಗ ವೈದ್ಯರ ಸಲಹೆಯಲ್ಲಿ ಅತಿ ಕಡಿಮೆ ಪ್ರಮಾಣ, ಜೊತೆಗೆ ಪ್ಯಾಂಟೊಪ್ರಝೋಲ್, ಆರಂಭಿಸುವ ಮುಂಚೆ ಮತ್ತು ಒಂದು ವಾರದ ನಂತರ ಕ್ರಿಯಾಟಿನಿನ್, ಪೊಟ್ಯಾಸಿಯಮ್ ಪರೀಕ್ಷೆ, ಮನೆಯಲ್ಲಿ ಬಿಪಿ ಬರೆದಿಡುವುದು. ಪ್ಯಾಂಟೊಪ್ರಝೋಲ್ ಜಠರವನ್ನು ಕಾಯುತ್ತದೆ, ಸಣ್ಣ ಕರುಳನ್ನಾಗಲಿ ಮೂತ್ರಪಿಂಡವನ್ನಾಗಲಿ ಕಾಯುವುದಿಲ್ಲ. ಹಿರಿಯರಲ್ಲಿ ಹುಣ್ಣು ಹೊಟ್ಟೆನೋವನ್ನೇ ತೋರದೆ ನೇರವಾಗಿ ರಕ್ತಸ್ರಾವವಾಗಿ ಕಾಣಿಸಿಕೊಳ್ಳಬಹುದು. ಮಲ ಡಾಂಬರಿನಂತೆ ಕಪ್ಪಗೆ ಅಂಟಾಗಿ ನಾರಿದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ತಡಮಾಡಬಾರದು; ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದರಿಂದ ಅದನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ಹೇಳಬೇಕು. ಕಾಲಿನಲ್ಲಿ ಊತ, ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿಕೆ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮಾತ್ರೆ ನಿಲ್ಲಿಸಿ ಅದೇ ದಿನ ತೋರಿಸಬೇಕು. ವಾಂತಿಭೇದಿ ಹಿಡಿದ ದಿನ ನೋವಿನ ಮಾತ್ರೆಯನ್ನು ಮೊದಲು ನಿಲ್ಲಿಸಿ, ಬಿಪಿ ಮಾತ್ರೆ ಮತ್ತು ಮೆಟ್‌ಫಾರ್ಮಿನ್ ಅಂದು ತೆಗೆದುಕೊಳ್ಳಬೇಕೇ ಎಂದು ಫೋನ್ ಮಾಡಿಯಾದರೂ ವೈದ್ಯರನ್ನು ಕೇಳಬೇಕು.